ತಾಯಿಗೆಷ್ಟು, ಮಗಳಿಗೆಷ್ಟು?

ಬೀಜಗಣಿತದ ಪುಸ್ತಕದಲ್ಲಿ ವಯಸ್ಸಿನ ಲೆಕ್ಕಗಳಷ್ಟು ಸಾಧುವಾಗಿ ಕಾಣುವವು ಬೇರೆ ಇಲ್ಲ. ಅಲ್ಲಿ ತೂತುಬಿದ್ದ ತೊಟ್ಟಿಯೂ ಇಲ್ಲ, ಎದುರುಬದುರಾಗಿ ಓಡಿಬರುವ ರೈಲುಗಳೂ ಇಲ್ಲ. ಮನೆಯ ಜನರೇ ಪಾತ್ರಧಾರಿಗಳು. ಆದರೂ ಕೂಡುವ ಕಳೆಯುವ ವಿದ್ಯೆಯಲ್ಲಿ ಗಟ್ಟಿಗರಾದ ಮಕ್ಕಳೇ ಇಲ್ಲಿ ಎಡವುತ್ತಾರೆ. ಎಡವುವುದು ಲೆಕ್ಕ ಮಾಡುವಾಗಲ್ಲ, ಓದುವಾಗ.

ಒಂದು ಸಮಸ್ಯೆಯನ್ನು ತೆಗೆದುಕೊಳ್ಳೋಣ. ‘ಐದು ವರ್ಷಗಳ ಹಿಂದೆ ತಾಯಿಯ ಮತ್ತು ಮಗಳ ವಯಸ್ಸುಗಳು 5:1ರ ಅನುಪಾತದಲ್ಲಿದ್ದವು. ಇನ್ನು ಐದು ವರ್ಷ ಕಳೆದ ಮೇಲೆ ಅವು 5:2ರ ಅನುಪಾತದಲ್ಲಿರುವುವು. ಈಗ ಅವರ ವಯಸ್ಸುಗಳೆಷ್ಟು?’

ಮೊದಲನೆಯ ಬಲೆ ಕನ್ನಡದ್ದೇ. ‘ಐದು ವರ್ಷ ಕಳೆದ ಮೇಲೆ’ ಎಂದೊಡನೆ, ಕಳೆಯುವುದೆಂದರೆ ವ್ಯವಕಲನವೆಂದು ಕಲಿತ ಬಾಲಕನ ಕೈ ತಾನಾಗಿಯೇ ಋಣಚಿಹ್ನೆಯನ್ನು ಬರೆದುಬಿಡುತ್ತದೆ. ಕಾಲ ಕಳೆದರೆ ವಯಸ್ಸು ಕೂಡುತ್ತದೆ! ಆದಕಾರಣ ಪದವನ್ನು ನಂಬದೆ ಪ್ರಸಂಗವನ್ನು ನಂಬಬೇಕು. ಕಾಗದದ ಮೇಲೆ ಮೂರು ಮನೆಗಳನ್ನು ಗೀಚಿ, ಎಡಗಡೆ ‘ಐದು ವರ್ಷಗಳ ಹಿಂದೆ’, ನಡುವೆ ‘ಈಗ’, ಬಲಗಡೆ ‘ಐದು ವರ್ಷಗಳ ಮುಂದೆ’ ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೊದಲು ತುಂಬಬೇಕಾದುದು ನಡುಮನೆಯನ್ನು. ತಾಯಿಯ ಈಗಿನ ವಯಸ್ಸು ‘ತ’, ಮಗಳದು ‘ಮ’ ಎಂದಿಟ್ಟುಕೊಂಡರೆ, ಎಡದ ಮನೆಯಲ್ಲಿ ತ − 5 ಮತ್ತು ಮ − 5, ಬಲದ ಮನೆಯಲ್ಲಿ ತ + 5 ಮತ್ತು ಮ + 5 ಎಂದಾಗುವುದು. ಇಷ್ಟಾದ ಬಳಿಕವೇ ಅನುಪಾತದ ಮಾತು. ಒಂದು ಅನುಪಾತಕ್ಕೆ ಒಂದೇ ಮನೆಯ ಎರಡು ವಯಸ್ಸುಗಳು ಸೇರಬೇಕು:

ತ − 5 = 5(ಮ − 5)

2(ತ + 5) = 5(ಮ + 5)

ಮೊದಲನೆಯದರಿಂದ ತ = 5ಮ − 20. ಇದನ್ನು ಎರಡನೆಯದರಲ್ಲಿ ಇಟ್ಟರೆ 10ಮ − 30 = 5ಮ + 25; ಅಂದರೆ ಮ = 11, ತ = 35. ಐದು ವರ್ಷಗಳ ಹಿಂದೆ ಅವರಿಗೆ 30 ಮತ್ತು 6, ಐದು ವರ್ಷಗಳ ಮುಂದೆ 40 ಮತ್ತು 16. ಎರಡು ಮಾತುಗಳೂ ತಾಳೆಯಾದವು.

ಇಲ್ಲಿಗೆ ಸಮಸ್ಯೆ ಬಿಡಿಸಿದಂತಾಯಿತು. ಆದರೆ ಸ್ವಾರಸ್ಯವಿರುವುದು ತಪ್ಪು ಉತ್ತರಗಳಲ್ಲಿ. ಅನುಪಾತ 5:1 ಎಂದು ಕಂಡ ಕೂಡಲೇ ಒಬ್ಬ ವಿದ್ಯಾರ್ಥಿ ಇಂದಿನ ವಯಸ್ಸುಗಳೇ ಐದು ಪಾಲು ಮತ್ತು ಒಂದು ಪಾಲು ಎಂದು ಹಿಡಿಯುತ್ತಾನೆ. ಅವುಗಳಿಗೆ ಐದೈದು ಕೂಡಿಸಿ, 5:2ಕ್ಕೆ ಸಮಮಾಡಿದರೆ ಅವನಿಗೆ ದೊರೆಯುವುದು ಹದಿನೈದು ವರ್ಷದ ತಾಯಿ, ಮೂರು ವರ್ಷದ ಮಗಳು. ಹಿಂದಿನ ಅನುಪಾತದಿಂದ ಮುಂದಿನ ಅನುಪಾತಕ್ಕೆ ಹತ್ತು ವರ್ಷಗಳ ಹಾದಿಯಿದೆ; ಅವನು ನಡೆದದ್ದು ಐದು ಮಾತ್ರ. ಪುಣ್ಯಕ್ಕೆ ಈ ಉತ್ತರ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ.

ಎರಡನೆಯ ವಿದ್ಯಾರ್ಥಿನಿ ಎರಡು ಅನುಪಾತಗಳ ಕಾಲವನ್ನೇ ಅದಲುಬದಲು ಮಾಡುತ್ತಾಳೆ. 5:1 ಮುಂದಿನದು, 5:2 ಹಿಂದಿನದು ಎಂದು ಬರೆಯುತ್ತಾಳೆ. ಅವಳಿಗೆ ಬರುವ ಉತ್ತರ ವಿಚಿತ್ರವಾದುದು: ಮಗಳಿಗೆ −11, ತಾಯಿಗೆ −35! ಅಂಕಿಗಳು ಸರಿ, ಚಿಹ್ನೆಗಳು ಮಾತ್ರ ತಲೆಕೆಳಗು. ಇದು ಆಕಸ್ಮಿಕವಲ್ಲ. ಕೂಡುವುದನ್ನು ಕಳೆದು, ಕಳೆಯುವುದನ್ನು ಕೂಡಿದ್ದರಿಂದ ಕಾಲವೇ ಹಿಮ್ಮುಖವಾಗಿ ಹರಿದು ಉತ್ತರವೂ ಹಿಮ್ಮುಖವಾಯಿತು. ಇಂಥ ತಪ್ಪನ್ನು ಲೆಕ್ಕಕ್ಕೆ ಮೊದಲೇ ಹಿಡಿಯಬಹುದು. ತಾಯಿಗೂ ಮಗಳಿಗೂ ಇರುವ ಅಂತರ ಎಂದಿಗೂ ಬದಲಾಗದು. ಮಗಳು ಕೈಗೂಸಾಗಿದ್ದಾಗ ತಾಯಿಯ ವಯಸ್ಸು ಅವಳ ಇಪ್ಪತ್ತರಷ್ಟೋ ಮೂವತ್ತರಷ್ಟೋ ಇರಬಹುದು. ಮಗಳೂ ಮುದುಕಿಯಾಗುವ ವೇಳೆಗೆ ಅದು ಒಂದೂವರೆಯಷ್ಟಕ್ಕೆ ಇಳಿದಿರುತ್ತದೆ. ಹಿರಿಯರ ವಯಸ್ಸನ್ನು ಮೊದಲು ಹೇಳಿದ ಅನುಪಾತ ಕಾಲ ಸರಿದಂತೆ ಕುಗ್ಗುತ್ತಲೇ ಹೋಗುತ್ತದೆ, ಹಿಗ್ಗುವುದೆಂಬುದಿಲ್ಲ. ಹೀಗಾಗಿ ಎರಡರಲ್ಲಿ ದೊಡ್ಡ ಅನುಪಾತವೇ ಹಿಂದಿನದು.

ಮೂರನೆಯ ತಪ್ಪು ನಿಜವಾಗಿಯೂ ಅಪಾಯಕರ. ‘ಐದು ವರ್ಷಗಳ ಹಿಂದೆ ತಾಯಿಯ ವಯಸ್ಸು ಮಗಳ ವಯಸ್ಸಿನ ಐದರಷ್ಟು’ ಎಂಬಲ್ಲಿ, ‘ಹಿಂದೆ’ ಎಂಬ ಮಾತು ಮಗಳೊಬ್ಬಳಿಗೇ ಅನ್ವಯಿಸುವುದೆಂದು ಭ್ರಮಿಸಿ ತ = 5(ಮ − 5) ಎಂದು ಬರೆಯುವುದು. ತಾಯಿ ಇಂದಿನ ಮನೆಯಲ್ಲಿಯೇ ಉಳಿದಳು, ಮಗಳು ಮಾತ್ರ ಹಿಂದಿನ ಮನೆಗೆ ಹೋದಳು. ಮುಂದಿನ ಸಮೀಕರಣವನ್ನು ಸರಿಯಾಗಿಯೇ ಬರೆದು ಬಿಡಿಸಿದರೆ ತಾಯಿಗೆ 40, ಮಗಳಿಗೆ 13 ಎಂದು ಬರುತ್ತದೆ. ಭಿನ್ನರಾಶಿಯಿಲ್ಲ, ಋಣಚಿಹ್ನೆಯಿಲ್ಲ, ನಾಲ್ಕು ಮನೆಗಳಲ್ಲಿ ಒಂದರಲ್ಲಾದರೂ ಅಂಥ ತಾಯಿ ಮಗಳು ಇದ್ದಾರು. ವಿದ್ಯಾರ್ಥಿ ಎಚ್ಚರಿಕೆಯುಳ್ಳವನಾಗಿ, ಉತ್ತರವನ್ನು ತನ್ನ ಸಮೀಕರಣದಲ್ಲಿಯೇ ಇಟ್ಟು ನೋಡಿದನೆನ್ನಿ: 13 − 5 = 8, ಐದೆಂಟಲೆ ನಲವತ್ತು. ಸರಿಹೋಯಿತೆಂದು ಗೆರೆ ಎಳೆದುಬಿಡುತ್ತಾನೆ. ತಪ್ಪು ಸಮೀಕರಣಕ್ಕೆ ಅದೇ ಸರಿಯಾದ ಉತ್ತರವಲ್ಲವೆ? ತಾಳೆ ನೋಡಬೇಕಾದುದು ಪ್ರಶ್ನೆಯ ವಾಕ್ಯದೊಡನೆ. ಐದು ವರ್ಷಗಳ ಹಿಂದೆ ಇವರಿಗೆ 35 ಮತ್ತು 8, ಐದೆಂಟಲೆ ಮೂವತ್ತೈದಲ್ಲ.

ಅಂತರ ಬದಲಾಗದೆಂಬುದನ್ನು ನೆಚ್ಚಿದವರು ಸಮೀಕರಣವಿಲ್ಲದೆಯೂ ಇದನ್ನು ಬಿಡಿಸಬಲ್ಲರು. 5:1ರಲ್ಲಿ ಅಂತರ ನಾಲ್ಕು ಪಾಲು, 5:2ರಲ್ಲಿ ಮೂರು ಪಾಲು. ಅಂತರವೆರಡೂ ಒಂದೇ ಆಗಬೇಕಾದುದರಿಂದ ಮೊದಲನೆಯದನ್ನು ಮೂರರಿಂದಲೂ ಎರಡನೆಯದನ್ನು ನಾಲ್ಕರಿಂದಲೂ ಗುಣಿಸಿದರೆ 15:3 ಮತ್ತು 20:8 ಆಗುವುವು. ಎರಡರಲ್ಲಿಯೂ ಅಂತರ ಹನ್ನೆರಡು ಪಾಲು. ತಾಯಿ ಹದಿನೈದು ಪಾಲಿನಿಂದ ಇಪ್ಪತ್ತಕ್ಕೆ ಏರಿದಳು. ಆ ಐದು ಪಾಲುಗಳೇ ಹತ್ತು ವರ್ಷ, ಪಾಲೊಂದಕ್ಕೆ ಎರಡು ವರ್ಷ. ಹಿಂದಿನ ವಯಸ್ಸುಗಳು 30 ಮತ್ತು 6 ಎಂದು ಬಾಯಲ್ಲಿಯೇ ಹೇಳಬಹುದು.

ಕಾಲಸೂಚನೆ ವರ್ಷಗಳ ಅಂಕಿಯಿಂದ ಬರದೆ ವಾಕ್ಯದೊಳಗೆ ಅಡಗಿರುವುದೂ ಉಂಟು. ‘ಮಗಳಿಗೆ ತಾಯಿಯ ಈಗಿನ ವಯಸ್ಸಾದಾಗ’ ಎಂಬಲ್ಲಿ ‘ಆದಾಗ’ ಎಂಬುದು ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ಭವಿಷ್ಯತ್ತು. ಕಾಲವನ್ನು ತೀರ್ಮಾನಿಸುವುದು ವಾಕ್ಯದ ಕೊನೆಯ ಕ್ರಿಯಾಪದ: ‘ತಾಯಿಗೆ 59 ಆಗಿರುವುದು’ ಎಂದೋ, ‘ಆಗಿತ್ತು’ ಎಂದೋ. ಅದನ್ನು ಓದುವ ತನಕ ಪೆನ್ಸಿಲನ್ನು ಕೆಳಗಿಟ್ಟಿರುವುದು ಲೇಸು.

1903ರಲ್ಲಿ ಅಮೆರಿಕದ ಪತ್ರಿಕಾವಾಚಕರನ್ನು ಕಂಗೆಡಿಸಿದ ಸಮಸ್ಯೆ ಈ ಜಾತಿಯದೇ. ‘ಆನ್‌ಳ ವಯಸ್ಸೆಷ್ಟು?’ ಎಂಬ ಪ್ರಶ್ನೆ ಅಲ್ಲಿ ಉತ್ತರವಿಲ್ಲದ ಮಾತಿಗೆ ಗಾದೆಯಂತೆ ಬಳಕೆಯಾಯಿತು. ಕನ್ನಡದಲ್ಲಿ ಹೇಳುವುದಾದರೆ: ‘ಮೇರಿಗೆ 24 ವರ್ಷ. ಆನ್‌ಳಿಗೆ ಈಗ ಎಷ್ಟು ವಯಸ್ಸೋ ಅಷ್ಟು ಮೇರಿಗೆ ಆಗಿದ್ದಾಗ, ಆನ್‌ಳಿಗೆ ಎಷ್ಟು ವಯಸ್ಸಾಗಿತ್ತೋ ಅದರ ಎರಡರಷ್ಟು ಮೇರಿಯ ಇಂದಿನ ವಯಸ್ಸು.’

ಇಲ್ಲಿ ಎರಡೇ ಮನೆಗಳು ಸಾಕು. ‘ಈಗ’ ಎಂಬಲ್ಲಿ ಮೇರಿಗೆ 24, ಆನ್‌ಳಿಗೆ ‘ಅ’. ‘ಆಗ’ ಎಂಬಲ್ಲಿ ಮೇರಿಗೆ ‘ಅ’. ಆನ್‌ಳಿಗೆ 24ರ ಅರ್ಧ, ಅಂದರೆ 12. ಎಷ್ಟು ವರ್ಷಗಳ ಹಿಂದಿನ ಮಾತೆಂದು ಪ್ರಶ್ನೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎರಡು ಮನೆಗಳಲ್ಲಿಯೂ ಅಂತರ ಒಂದೇ ಆದುದರಿಂದ 24 − ಅ = ಅ − 12, ಅಂದರೆ ಅ = 18. ಆರು ವರ್ಷಗಳ ಹಿಂದೆ ಮೇರಿಗೆ ಹದಿನೆಂಟು, ಆನ್‌ಳಿಗೆ ಹನ್ನೆರಡು. ಹನ್ನೆರಡರ ಎರಡರಷ್ಟು ಇಪ್ಪತ್ತನಾಲ್ಕು.