ಆರು ಹುಡುಗರು, ಒಬ್ಬ ಹುಡುಗ

ಎಂಡೋಸಲ್ಫಾನ್ ಬಗ್ಗೆ ನಮ್ಮ ಕಡೆ ಹಂಚುವ ಕರಪತ್ರದಲ್ಲಿ ಹೀಗೊಂದು ಮಾತು ಉಂಟು: ಹುಟ್ಟಿನಿಂದ ಬರುವ ದೋಷ ಐದು ಪಟ್ಟು, ಕ್ಯಾನ್ಸರ್ ರುಜುವಾಗಿದೆ, ಆಧಾರ 2003ರ ಅಧ್ಯಯನ. ‘ಆಧಾರ’ ಅಂತ ಕಂಡ ಕೂಡಲೇ ನಾವು ತಲೆಯಾಡಿಸುತ್ತೇವೆ. ಆ ಆಧಾರವನ್ನು ತೆರೆದು ಓದಿದವರು ಎಷ್ಟು ಜನ ಮಾರಾಯ್ರೆ?

ಅದೇನು ಗುಟ್ಟಿನ ಕಾಗದ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾಡಿ, ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದು. ನಾನು ಓದಿದ್ದು ಏಳನೇ ಕ್ಲಾಸು. ಮಾಷ್ಟ್ರೊಬ್ಬರನ್ನು ಕೂರಿಸಿ ಕನ್ನಡದಲ್ಲಿ ಹೇಳಿಸಿಕೊಂಡೆ.

ಅವರು ನೋಡಿದ್ದು 10ರಿಂದ 19 ವರ್ಷದ ಗಂಡುಮಕ್ಕಳನ್ನು ಮಾತ್ರ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೇಲಿಂದ ಮದ್ದು ಬಿಟ್ಟ ಗೇರುತೋಟದ ಬುಡದ ಊರಿನವರು 117 ಹುಡುಗರು, ಮದ್ದು ಬೀಳದ ಕಡೆಯವರು 90. ನಮ್ಮ ಕಡೆಯವರ ರಕ್ತದಲ್ಲಿ ವಿಷ ಸರಾಸರಿ ನೂರು ಕೋಟಿಗೆ ಏಳೂವರೆ ಪಾಲು, ಅವರದ್ದರಲ್ಲಿ ಒಂದೂವರೆಗೂ ಕಡಿಮೆ. ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು, ಆ ಹಾರ್ಮೋನು ಹುಟ್ಟುವುದಕ್ಕೂ ತೊಂದರೆಯಾಗುತ್ತಿರಬಹುದು ಎಂಬುದು ಅವರ ತೀರ್ಮಾನ. ಇದು ಸಣ್ಣ ಮಾತೇ?

ಕ್ಯಾನ್ಸರನ್ನು ಅವರು ಹುಡುಕಲೇ ಇಲ್ಲ. ಹೆಂಗಸರನ್ನಾಗಲಿ ಮುದುಕರನ್ನಾಗಲಿ ನೋಡಿಲ್ಲ. ಮತ್ತೆ ರುಜುವಾದದ್ದು ಎಲ್ಲಿಂದ?

ಇನ್ನು ಐದು ಪಟ್ಟು. ಬೀಜ ಕೆಳಗಿಳಿಯದಿರುವುದು, ಹುಟ್ಟಿನ ಹರ್ನಿಯಾ, ಇಂಥವು ಒಂದು ಕಡೆ ನೂರಕ್ಕೆ 5.1, ಇನ್ನೊಂದು ಕಡೆ 1.1 ಎಂದು ಬರೆದದ್ದು ಹೌದು. ಲೆಕ್ಕ ಬಿಡಿಸಿ: 117ರಲ್ಲಿ ಆರು ಹುಡುಗರು, 90ರಲ್ಲಿ ಒಬ್ಬ. ಆಚೆ ಕಡೆ ಇನ್ನಿಬ್ಬರು ಸಿಕ್ಕಿದ್ದರೆ ಐದು ಪಟ್ಟು ಹೋಗಿ ಒಂದೂವರೆ ಪಟ್ಟು ಆಗುತ್ತಿತ್ತು. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದು, ಲೆಕ್ಕಶಾಸ್ತ್ರದಲ್ಲಿ ನಿಲ್ಲುವುದಿಲ್ಲ ಎಂದು ಬರೆದವರೇ ಒಪ್ಪಿದ್ದಾರೆ. ನೋಡಿದ ಮಕ್ಕಳು ಕಡಿಮೆ, ಕೆಲವರು ತಪಾಸಣೆಗೆ ಬರಲಿಲ್ಲ ಎಂದೂ ಹೇಳಿದ್ದಾರೆ. ಕರಪತ್ರದವರು ಮೊದಲಿನ ಸಾಲು ಕೊಯ್ದು ತಂದರು, ಬೆನ್ನಿಗಿದ್ದ ಸಾಲು ಅಲ್ಲೇ ಬಿಟ್ಟರು.

ಕೆಲವರಿಗೆ ನನ್ನ ಮೇಲೆ ಸಿಟ್ಟು: ‘ಮಕ್ಕಳು ಹಾಸಿಗೆಯಲ್ಲಿ ಮಲಗಿದ್ದಾರೆ, ನಿಮಗೆ ಅಂಕಿಯ ಚಿಂತೆಯಾ?’ ಹೌದು, ಆ ಮಕ್ಕಳಿಗಾಗಿಯೇ ಚಿಂತೆ. ತಾಳಮದ್ದಳೆಯಲ್ಲಿ ‘ಭಾರತದಲ್ಲಿ ಹೀಗುಂಟು’ ಅಂದವನನ್ನು ಎದುರಿನ ಅರ್ಥಧಾರಿ ‘ಯಾವ ಪರ್ವ?’ ಎಂದು ಹಿಡಿಯುತ್ತಾನೆ. ಉತ್ತರ ಇಲ್ಲದಿದ್ದರೆ ಅವನು ಮೊದಲು ಆಡಿದ ಸರಿಯಾದ ಮಾತೂ ಬಿದ್ದುಹೋಗುತ್ತದೆ. ಪರಿಹಾರ ಕೊಡಲು ಮನಸ್ಸಿಲ್ಲದವರು ಇದೇ ಕಾಗದ ಹಿಡಿದು ‘ನೋಡಿ, ಏನೂ ಇಲ್ಲ’ ಅನ್ನುತ್ತಾರೆ. ಅದೂ ಸುಳ್ಳು ಆಧಾರವೇ. ಆರು ಮತ್ತು ಒಂದರಿಂದ ದೋಷ ಹೆಚ್ಚು ಅಂತ ಹೇಳಲಿಕ್ಕಾಗದು, ಇಲ್ಲ ಅಂತಲೂ ಆಗದು. ರಕ್ತದ ವಿಷ, ತಡವಾದ ಪ್ರಾಯ ಅಳಿಸಿಹೋಗಲಿಲ್ಲ.

ಮುಂದಿನ ಕರಪತ್ರದಲ್ಲಿ ಆ ಎರಡನ್ನು ಹಾಕಿ, ಕೆಳಗೆ 2003 ಅಂತ ಬರೆಯಿರಿ. ಕ್ಯಾನ್ಸರಿನ ಮಾತಿಗೆ ಕ್ಯಾನ್ಸರ್ ನೋಡಿದ ಕಾಗದ ಬೇರೆ ತನ್ನಿ. ತಂದದ್ದನ್ನು ಅಚ್ಚಿಗೆ ಕೊಡುವ ಮೊದಲು ನಮ್ಮ ವಾಚನಾಲಯದ ಮೇಜಿನ ಮೇಲೆ ಇಡಿ, ಕೊನೇ ಸಾಲಿನ ತನಕ ಓದಿಸುವಾ.