ಅಂಕ ಸಿಕ್ಕಿತು, ಮಾತ್ರೆ ಉಳಿಯಿತು

ಅಜ್ಜ-ಅಜ್ಜಿಯರೇ, ಮಕ್ಕಳೇ, ಈಗಿನ ಮೊಬೈಲಿಗೆ ಒಂದು ಹೊಸ ಕೆಲಸ ಬಂದಿದೆ. ‘ಮಾತ್ರೆ ತೆಗೆದುಕೊಳ್ಳಿ’, ‘ಗಿಡಕ್ಕೆ ನೀರು ಹಾಕಿ’ ಎಂದು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವುದು. ನಾವು ‘ಆಯಿತು’ ಎಂದು ಒತ್ತಿದರೆ ಒಂದು ಅಂಕ ಕೊಡುತ್ತದೆ. ಅಂಕಗಳು ಕೂಡಿದಾಗ ಮನೆಯವರು ಏನಾದರೂ ತಿಂಡಿ ಕೊಡಿಸುತ್ತಾರೆ. ಮೊದಲ ವಾರ ಎಲ್ಲರಿಗೂ ಉತ್ಸಾಹ. ಮೂರನೆಯ ವಾರಕ್ಕೆ ಗಂಟೆ ಬಾರಿಸುತ್ತಲೇ ಇರುತ್ತದೆ, ಏಳುವವರು ಇಲ್ಲ. ಹೀಗೇಕೆ ಆಗುತ್ತದೆ ಎಂದು ಈ ವಾರ ನೋಡೋಣ.

ಎಲ್ಲೂರಿನಲ್ಲಿ ಒಂದು ಮನೆ ಇದೆ ಎಂದು ಇಟ್ಟುಕೊಳ್ಳಿ. ಅಜ್ಜಿಗೆ ಬೆಳಿಗ್ಗೆ ರಕ್ತದೊತ್ತಡದ ಒಂದು ಮಾತ್ರೆ. ಐದನೇ ತರಗತಿಯ ಮೊಮ್ಮಗನಿಗೆ ಎರಡು ಕೆಲಸ: ಸಂಜೆ ಅಂಗಳದ ಮಲ್ಲಿಗೆ ಗಿಡಗಳಿಗೆ ನೀರು ಹಾಕುವುದು, ರಾತ್ರಿ ಹದಿನೈದು ನಿಮಿಷ ಕಥೆಪುಸ್ತಕ ಓದುವುದು. ಒಂದು ಕೆಲಸಕ್ಕೆ ಒಂದು ಅಂಕ. ದಿನಕ್ಕೆ 3, ವಾರಕ್ಕೆ 21. ಇಪ್ಪತ್ತು ಅಂಕ ಆದರೆ ಭಾನುವಾರ ಸಂಜೆ ಗೋಳಿಬಜೆ.

ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಆದರೆ ಒಂದು ವಾರ ಸೋಮವಾರ ಜೋರು ಮಳೆ, ಗಿಡಕ್ಕೆ ನೀರು ಹಾಕಲಿಲ್ಲ. ಬುಧವಾರ ನೆಂಟರು ಬಂದರು, ಪುಸ್ತಕ ತೆರೆಯಲಿಲ್ಲ. ಎರಡು ಅಂಕ ಹೋದವು. ಇನ್ನು ಏನೇ ಮಾಡಿದರೂ ಆ ವಾರ ಹತ್ತೊಂಬತ್ತಕ್ಕಿಂತ ಹೆಚ್ಚಾಗದು. ಹುಡುಗ ಗಣಿತದಲ್ಲಿ ಜಾಣ. “ಅಜ್ಜಿ, ಈ ವಾರ ಹೇಗೂ ಗೋಳಿಬಜೆ ಇಲ್ಲ” ಎಂದು ಗುರುವಾರದಿಂದ ಭಾನುವಾರದವರೆಗೆ ಸುಮ್ಮನೆ ಕೂತುಬಿಟ್ಟ. ಅವನು ಸೋಮಾರಿಯಲ್ಲ. ಕೆಲಸ ಮಾಡಲು ಕಾರಣವೇ ಉಳಿಯದಂತೆ ಲೆಕ್ಕ ಹಾಕಿದ್ದು ಹಿರಿಯರು. ‘ಒಂದು ದಿನವೂ ತಪ್ಪದೆ ಏಳು ದಿನ’ ಎಂಬ ಸರಪಣಿಯ ಆಟದಲ್ಲೂ ಇದೇ ತೊಂದರೆ. ಕೊಂಡಿ ಒಮ್ಮೆ ಕಳಚಿದರೆ ಮತ್ತೆ ಸೊನ್ನೆಯಿಂದ ಶುರು.

ಅಭ್ಯಾಸಗಳು ನಿಜಕ್ಕೂ ಅಷ್ಟು ಸೂಕ್ಷ್ಮವಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಈ ಬಗ್ಗೆ ಅಧ್ಯಯನ ಮಾಡಿದರು. ಹೊಸ ಕೆಲಸವೊಂದು ತಾನಾಗಿ ಆಗುವಂತಾಗಲು ನಡುವಿನ ಲೆಕ್ಕದಲ್ಲಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254ರವರೆಗೆ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ಹಾಗಾದರೆ ಅಂಕವನ್ನು ಸೊನ್ನೆಗೆ ಇಳಿಸುವುದೇಕೆ? ಈ ವಾರದ ಹತ್ತೊಂಬತ್ತನ್ನು ಮುಂದಿನ ವಾರಕ್ಕೆ ದಾಟಿಸಿದರಾಯಿತು. ಗೋಳಿಬಜೆ ಒಂದು ದಿನ ತಡವಾಗುತ್ತದೆ, ಅಷ್ಟೆ.

ಇನ್ನು ಅಜ್ಜಿಯ ಮಾತ್ರೆ. ಇಲ್ಲಿರುವ ಕಷ್ಟ ಬೇರೆಯದು. ಮೊಬೈಲು ಅಂಕ ಕೊಡುವುದು ಮಾತ್ರೆ ನುಂಗಿದ್ದಕ್ಕಲ್ಲ, ಗುಂಡಿ ಒತ್ತಿದ್ದಕ್ಕೆ. ಅಜ್ಜಿ ದೋಸೆ ಹೊಯ್ಯುತ್ತಿರುವಾಗ ಗಂಟೆ ಬಾರಿಸಿತು. ‘ಮತ್ತೆ ತೆಗೆದುಕೊಂಡರಾಯಿತು’ ಎಂದು ಒತ್ತಿದರು, ಆಮೇಲೆ ಮರೆತರು. ಇದು ಮೋಸವಲ್ಲ, ಆದರೆ ಅಂಕ ಏರುತ್ತದೆ, ಮಾತ್ರೆ ಉಳಿಯುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಹದಿನೈದು ಮಾತ್ರೆಗಳ ಹೊಸ ಪಟ್ಟಿಯನ್ನು ಶುರುಮಾಡಿ ಹನ್ನೆರಡು ದಿನ ಕಳೆದರೆ ಮೂರು ಉಳಿದಿರಬೇಕು. ಮೊಬೈಲಿನಲ್ಲಿ ಹನ್ನೆರಡು ಅಂಕ ಇದ್ದು, ಪಟ್ಟಿಯಲ್ಲಿ ಐದು ಮಾತ್ರೆ ಉಳಿದಿದ್ದರೆ ಎರಡು ದಿನ ತಪ್ಪಿದೆ ಎಂದರ್ಥ. ಮೂರಕ್ಕಿಂತ ಕಡಿಮೆ ಉಳಿದಿದ್ದರೆ ಒಂದೇ ದಿನ ಎರಡು ನುಂಗಿರಬಹುದು. ಅದು ಇನ್ನೂ ಅಪಾಯ. ತಪ್ಪಿದ್ದನ್ನು ಸರಿಮಾಡಲೆಂದು ಯಾರೂ ಎರಡು ಮಾತ್ರೆ ಒಟ್ಟಿಗೆ ತೆಗೆದುಕೊಳ್ಳಬಾರದು. ಏನು ಮಾಡಬೇಕೆಂದು ವೈದ್ಯರನ್ನು ಕೇಳಬೇಕು.

ಆದ್ದರಿಂದ ಅಂಕವನ್ನು ಮೊಬೈಲಿನ ಕೈಯಿಂದ ತೆಗೆಯುವುದು ಒಳ್ಳೆಯದು. ಔಷಧದ ಅಂಗಡಿಯಲ್ಲಿ ಏಳು ದಿನಕ್ಕೆ ಏಳು ಮನೆಗಳಿರುವ ಡಬ್ಬಿ ಸಿಗುತ್ತದೆ. ಭಾನುವಾರ ಮನೆಯ ಹಿರಿಯರೊಬ್ಬರು ಅದನ್ನು ತುಂಬಿಸಲಿ. ಮೊಮ್ಮಗ ಮಾತ್ರೆಯನ್ನು ಮುಟ್ಟುವುದು ಬೇಡ. ಸಂಜೆ ಶಾಲೆಯಿಂದ ಬಂದವನು ಇವತ್ತಿನ ಮನೆ ಖಾಲಿಯಾಗಿದೆಯೇ ಎಂದು ನೋಡಿ “ಅಜ್ಜಿ, ಮಾತ್ರೆ ತಗೊಂಡಿದ್ದೀರಿ, ಒಂದು ಅಂಕ” ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಮಾತ್ರೆಯನ್ನು ಗಂಟೆಯ ಜೊತೆಗೆ ಕಟ್ಟುವ ಬದಲು ಬೆಳಗಿನ ಕಾಫಿಯ ಲೋಟದ ಜೊತೆಗೆ ಕಟ್ಟಿದರೆ ಇನ್ನೂ ಒಳ್ಳೆಯದು. ಕಾಫಿಯನ್ನು ಅಜ್ಜಿ ಮರೆಯುವವರಲ್ಲ. ಆದರೆ ಮಾತ್ರೆ ತಿಂದರೆ ತಲೆ ತಿರುಗುತ್ತದೆ ಎಂದೋ, ಕಾಲು ಊದುತ್ತದೆ ಎಂದೋ ಅಜ್ಜಿ ಬೇಕೆಂದೇ ಬಿಡುತ್ತಿದ್ದರೆ ಅಂಕ, ತಿಂಡಿಗಳಿಂದ ಪ್ರಯೋಜನವಿಲ್ಲ. ವೈದ್ಯರ ಬಳಿ ಹೇಳಬೇಕಾದ ಮಾತು ಅದು.

ಕೊನೆಗೆ ಕಥೆಪುಸ್ತಕ. ಮೂರರಲ್ಲಿ ಅಂಕವೇ ಬೇಡವಾಗಿದ್ದ ಕೆಲಸ ಇದು, ಏಕೆಂದರೆ ಹುಡುಗ ಮೊದಲೇ ಇಷ್ಟಪಟ್ಟು ಓದುತ್ತಿದ್ದ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ನಡೆದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಬಣ್ಣದ ಪೆನ್ನುಗಳಲ್ಲಿ ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಕೊನೆಯಲ್ಲಿ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಕೆಲವು ದಿನಗಳ ನಂತರ, ಯಾವ ಬಹುಮಾನವೂ ಇಲ್ಲದಾಗ, ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರು. ಮೊದಲೇ ಬಹುಮಾನದ ಮಾತು ಕೇಳಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅಚ್ಚರಿಯಾಗಿ ಪತ್ರ ಪಡೆದವರ ಆಸಕ್ತಿ ಕುಂದಲಿಲ್ಲ. ಸಂತೋಷಕ್ಕೆ ಮಾಡುತ್ತಿದ್ದ ಕೆಲಸ ‘ಪತ್ರಕ್ಕಾಗಿ ಮಾಡುವ ಕೆಲಸ’ ಆಗಿಬಿಟ್ಟಿತ್ತು.

ಹಾಗೆಂದು ಬಹುಮಾನವೇ ಕೆಟ್ಟದ್ದಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಮಕ್ಕಳ ಲಸಿಕೆಯ ಶಿಬಿರಗಳನ್ನು ನಡೆಸಿತು. ಕೆಲವು ಕಡೆ ಲಸಿಕೆಗೆ ಬಂದ ತಾಯಂದಿರಿಗೆ ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಲಸಿಕೆಗಳು ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಿತು. 2010ರಲ್ಲಿ ಪ್ರಕಟವಾದ ಲೆಕ್ಕದಂತೆ ಪೂರ್ತಿ ಲಸಿಕೆ ಪಡೆದ ಮಕ್ಕಳು ಬರಿಯ ಶಿಬಿರ ಇದ್ದಲ್ಲಿ ನೂರಕ್ಕೆ 18, ಬೇಳೆ ಸಿಕ್ಕಿದಲ್ಲಿ 39. ಲಸಿಕೆ ಯಾರಿಗೂ ಆಟವಲ್ಲ, ಕೆಡಲು ಅಲ್ಲಿ ಸಂತೋಷವೇ ಇರಲಿಲ್ಲ. ಬರಬೇಕಾದದ್ದೂ ಕೆಲವೇ ಸಲ, ಆಮೇಲೆ ಕೆಲಸ ಮುಗಿಯಿತು. ಬೇಸರದ ಕೆಲಸ, ಎಣಿಸಿದಷ್ಟು ಸಲ, ಮುಗಿಯುವ ದಿನ ಗೊತ್ತಿರುವುದು. ಇಂಥ ಕಡೆ ಸಣ್ಣ ಬಹುಮಾನ ಚೆನ್ನಾಗಿ ನಡೆಯುತ್ತದೆ.

ಎಲ್ಲೂರಿನ ಆ ಮನೆಗೆ ಈಗ ಹೊಸ ಲೆಕ್ಕ ಹಾಕೋಣ. ಓದುವುದಕ್ಕೆ ಅಂಕ ಬೇಡ. ಬದಲಿಗೆ ಅಜ್ಜಿ “ಇವತ್ತಿನ ಕಥೆಯಲ್ಲಿ ಏನಾಯಿತು, ಹೇಳು ಮಗಾ” ಎಂದು ಕೇಳಲಿ. ಗಿಡಕ್ಕೆ, ಮಾತ್ರೆಗೆ ಅಂಕ ಇರಲಿ; ದಿನಕ್ಕೆ ಎರಡು. ಮಳೆ ಬಂದ ದಿನ ಗಿಡ ನೋಡಿ ಬಂದರೂ ಅಂಕವೇ. ಮೊದಲ ಎರಡು ವಾರ ಹನ್ನೆರಡು ಅಂಕಕ್ಕೊಮ್ಮೆ ಗೋಳಿಬಜೆ. ಮುಂದಿನ ಒಂದು ತಿಂಗಳು ಇಪ್ಪತ್ತೈದಕ್ಕೊಮ್ಮೆ. ಆಮೇಲೆ ಅಂಕ ನಿಲ್ಲುತ್ತದೆ ಎಂದು ಮೊದಲ ದಿನವೇ ಇಬ್ಬರಿಗೂ ಹೇಳಿಬಿಡಬೇಕು. ನಿಂತ ಮೇಲೆ ಎಂದಾದರೊಮ್ಮೆ, ಹೇಳದೆ ಕೇಳದೆ, ಕಾಪು ಕಡಲತೀರಕ್ಕೆ ಕರೆದುಕೊಂಡು ಹೋಗಬಹುದು. ಅಜ್ಜಿಗೆ ಎಣ್ಣೆ ತಿಂಡಿ ಆಗದಿದ್ದರೆ ಗೋಳಿಬಜೆಯ ಬದಲು ಸೀಯಾಳ ಇರಲಿ.

ಮಕ್ಕಳೇ, “ಇದನ್ನು ಮಾಡಿದರೆ ಎಷ್ಟು ಅಂಕ?” ಎಂಬ ಪ್ರಶ್ನೆ ಕೆಲಸಕ್ಕಿಂತ ಮೊದಲು ನಿಮ್ಮ ಬಾಯಿಗೆ ಬಂದರೆ ಲೆಕ್ಕ ಬದಲಾಯಿಸುವ ಹೊತ್ತಾಯಿತು ಎಂದು ತಿಳಿಯಿರಿ. ಈ ಭಾನುವಾರ ಅಜ್ಜ-ಅಜ್ಜಿಯರ ಜೊತೆ ಕುಳಿತು, ಮೊಬೈಲಿನ ಅಂಕವನ್ನೂ ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನೂ ಒಮ್ಮೆ ತಾಳೆ ನೋಡಿ.