ಕಂಟೇನರ್‌ ಬಾಡಿಗೆ: ಕಾಣುವ ದರ ಒಂದು, ಕಟ್ಟುವ ಹಣ ಇನ್ನೊಂದು

ಅದ್ಲಿಯಾ (ಬಹರೈನ್): ಮನಾಮಾದ ಈ ಬಡಾವಣೆಗೆ ಸಂಜೆ ಬರುವವರು ಇಲ್ಲಿನ ಹೋಟೆಲು, ಕಾಫಿ ಅಂಗಡಿಗಳನ್ನು ಹುಡುಕಿಕೊಂಡು ಬರುತ್ತಾರೆ. ಆ ಹೋಟೆಲುಗಳ ಅಡುಗೆಮನೆಗೆ ಬೇಕಾದ ಇಡ್ಲಿ ರವೆ, ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ, ಅವಲಕ್ಕಿ, ಮಂಡಕ್ಕಿ ಎಲ್ಲವೂ ಸಮುದ್ರ ದಾಟಿಯೇ ಬರಬೇಕು. ಇಂಥ ಸರಕು ತರಿಸುವ ನಾವು ಮೂವರು ವ್ಯಾಪಾರಿಗಳು, ತಿಂಗಳಿಗೆ ಒಂದು 20 ಅಡಿ ಕಂಟೇನರ್‌ ಅನ್ನು ಪಾಲು ಹಾಕಿ ತುಂಬಿಸುತ್ತೇವೆ. ಈಚೆಗೆ ನಮ್ಮ ಮೇಜಿನ ಮೇಲೆ ಎರಡು ಕೊಟೇಶನ್‌ ಇದ್ದವು. ಆರು ತಿಂಗಳ ಒಪ್ಪಂದವಾದರೆ ಕಂಟೇನರ್‌ಗೆ 420 ಡಾಲರ್. ಒಪ್ಪಂದವಿಲ್ಲದೆ ಈ ಸಲದ ಮಟ್ಟಿಗೆ, ಅಂದರೆ ಸ್ಪಾಟ್‌ ದರದಲ್ಲಿ, 480 ಡಾಲರ್.

ಒಪ್ಪಂದವೇ ಅಗ್ಗ ಎಂದು ಯಾರಿಗಾದರೂ ಅನಿಸುತ್ತದೆ. ನಮಗೂ ಅನಿಸಿತ್ತು. ಕೊಟೇಶನ್ನಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ಲೆಕ್ಕ ತಿರುಗಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇವೆ. ಹೋಲಿಕೆ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇವೆ. ಇವನ್ನು ಇಂದಿನ ಮಾರುಕಟ್ಟೆ ದರ ಎಂದು ಯಾರೂ ತಿಳಿಯಬಾರದು.

ಎಣ್ಣೆಯ ಲೆಕ್ಕ

ಒಪ್ಪಂದದ 420 ಡಾಲರ್ ಬರೀ ಮೂಲ ಬಾಡಿಗೆ. ಅದರ ಕೆಳಗೆ ಇಂಧನ ಹೊಂದಾಣಿಕೆ ಶುಲ್ಕ, ಅಂದರೆ ಬಿಎಎಫ್, 120 ಡಾಲರ್; ಕಡಿಮೆ ಗಂಧಕದ ಇಂಧನಕ್ಕೆಂದು ಇನ್ನೊಂದು 40 ಡಾಲರ್. ಒಟ್ಟು 580. ಸ್ಪಾಟ್‌ ದರದ 480 ಮಾತ್ರ ಎಲ್ಲವೂ ಸೇರಿದ ಮೊತ್ತ. 60 ಡಾಲರ್ ಅಗ್ಗವಾಗಿ ಕಂಡ ಒಪ್ಪಂದ ನಿಜದಲ್ಲಿ 100 ಡಾಲರ್ ದುಬಾರಿ. ಎರಡೂ ಕಡೆಯ ಬಂದರಿನ ನಿರ್ವಹಣಾ ವೆಚ್ಚ ಹೇಗಿದ್ದರೂ ಒಂದೇ ಆದ್ದರಿಂದ ಅದನ್ನು ಲೆಕ್ಕದಿಂದ ಹೊರಗಿಟ್ಟಿದ್ದೇವೆ.

ಬಂಕರ್ ಎಂದರೆ ಹಡಗಿನ ಇಂಧನ. ಹಿಂದೆ ಕಲ್ಲಿದ್ದಲು ತುಂಬಿಡುತ್ತಿದ್ದ ಕೋಣೆಯ ಹೆಸರು ಈಗ ಎಣ್ಣೆಗೆ ಅಂಟಿಕೊಂಡಿದೆ. ಎಣ್ಣೆಯ ಬೆಲೆ ಏರಿಳಿಯುವುದರಿಂದ ಹಡಗು ಕಂಪನಿಗಳು ಅದನ್ನು ಮೂಲ ಬಾಡಿಗೆಯಿಂದ ಬೇರ್ಪಡಿಸಿ ವಸೂಲು ಮಾಡುತ್ತವೆ. ದೊಡ್ಡ ಕಂಪನಿಗಳಲ್ಲೊಂದಾದ ಮೇರ್ಸ್ಕ್ 2019ರಲ್ಲಿ ಜಾರಿಗೆ ತಂದ ಸೂತ್ರ ಸರಳವಾಗಿದೆ. ಒಂದು ಮಾರ್ಗದಲ್ಲಿ ಒಂದು ಕಂಟೇನರ್‌ ಸಾಗಿಸಲು ಸರಾಸರಿ ಎಷ್ಟು ಟನ್‌ ಇಂಧನ ಬೇಕೋ ಅದನ್ನು ಇಂಧನದ ಬೆಲೆಯಿಂದ ಗುಣಿಸುವುದು. ನಮ್ಮ ಉದಾಹರಣೆಯಲ್ಲಿ ಕಂಟೇನರ್‌ಗೆ 0.2 ಟನ್, ಟನ್ನಿಗೆ 600 ಡಾಲರ್, ಹಾಗಾಗಿ 120. ಎಣ್ಣೆ 500ಕ್ಕೆ ಇಳಿದರೆ ಇದು 100 ಆಗಬೇಕು, 750ಕ್ಕೆ ಏರಿದರೆ 150.

ಆದರೆ ಈ ಬದಲಾವಣೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಅದೂ ಕಳೆದುಹೋದ ತಿಂಗಳುಗಳ ಸರಾಸರಿ ನೋಡಿ. ಎಣ್ಣೆ ಇಳಿದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ ನಮ್ಮ ಬಿಲ್‌ ಇಳಿಯುವುದಿಲ್ಲ. ಏರಿದಾಗ ಅದೇ ವಿಳಂಬ ನಮ್ಮನ್ನು ಕಾಯುತ್ತದೆ. ಇದರಲ್ಲಿ ಮೋಸವಿಲ್ಲ, ಸೂತ್ರ ಎರಡೂ ಕಡೆಗೆ ಕೆಲಸ ಮಾಡಬೇಕು ಅಷ್ಟೆ. ಸೂತ್ರವನ್ನು ಒಪ್ಪಂದದಲ್ಲಿ ಬರೆಯದೆ ‘ಆಯಾ ಕಾಲಕ್ಕೆ ಅನ್ವಯಿಸುವಂತೆ’ ಎಂದಷ್ಟೇ ನಮೂದಿಸಿದ್ದರೆ, ಏರಿಕೆ ಮಾತ್ರ ನಮ್ಮ ಪಾಲಿಗೆ ಬರುವ ಅಪಾಯವಿದೆ.

ಆ 40 ಡಾಲರ್ ವಿಷಯ ಬೇರೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿಯಮದಂತೆ 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಇಳಿಯಿತು. ಹೊಸ ಇಂಧನ ದುಬಾರಿ ಎಂದು ಪ್ರತ್ಯೇಕ ಶುಲ್ಕಗಳು ಹುಟ್ಟಿಕೊಂಡವು. ನಾವು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಬಿಎಎಫ್ ಲೆಕ್ಕ ಹಾಕಿರುವುದು ಯಾವ ಇಂಧನದ ಬೆಲೆಯ ಮೇಲೆ? ಕಡಿಮೆ ಗಂಧಕದ ಇಂಧನದ ಬೆಲೆಯ ಮೇಲೆಯೇ ಆಗಿದ್ದರೆ, ಆ 40 ಡಾಲರ್ ಒಂದೇ ಎಣ್ಣೆಗೆ ಎರಡನೇ ಸಲ ಕೊಡುವ ದುಡ್ಡು. ನಮ್ಮ ಫಾರ್ವರ್ಡರ್‌ಗೆ ಈ ಪ್ರಶ್ನೆ ಕೇಳಿದೆವು. ಎರಡು ದಿನದ ನಂತರ ಬಂದ ತಿದ್ದಿದ ಕೊಟೇಶನ್ನಿನಲ್ಲಿ ಆ ಸಾಲು ಇರಲಿಲ್ಲ. ಒಪ್ಪಂದ 540ಕ್ಕೆ ಇಳಿಯಿತು.

ದಟ್ಟಣೆ ಎಲ್ಲೋ, ಶುಲ್ಕ ಇಲ್ಲಿ

ಇಂಧನ ಶುಲ್ಕಕ್ಕೆ ಸೂತ್ರವಾದರೂ ಇದೆ. ಬಂದರು ದಟ್ಟಣೆ ಶುಲ್ಕಕ್ಕೆ ಅದೂ ಇಲ್ಲ. ಹಡಗು ಲಂಗರು ಹಾಕಿ ಕಾಯಬೇಕಾದರೆ ದಿನದ ಖರ್ಚು ಓಡುತ್ತಲೇ ಇರುತ್ತದೆ. ಅದರ ಪಾಲನ್ನು ಕಂಪನಿ ಕಂಟೇನರ್‌ ಮೇಲೆ ಹಾಕಿ ಒಂದು ಪ್ರಕಟಣೆ ಹೊರಡಿಸುತ್ತದೆ.

ಬಹರೈನಿಗೆ ಬರುವ ಬಹಳಷ್ಟು ಕಂಟೇನರ್‌ಗಳು ದುಬೈನ ಜೆಬೆಲ್‌ ಅಲಿಯಲ್ಲಿ ಇಳಿದು, ಸಣ್ಣ ಹಡಗು ಹತ್ತಿ ಹಿದ್ದ್‌ನ ಖಲೀಫಾ ಬಿನ್‌ ಸಲ್ಮಾನ್‌ ಬಂದರಿಗೆ ಬರುತ್ತವೆ. ಆದ್ದರಿಂದ ನಮ್ಮ ಬಂದರು ಖಾಲಿ ಇದ್ದರೂ ಜೆಬೆಲ್‌ ಅಲಿ ಕಟ್ಟಿಕೊಂಡರೆ ನಮ್ಮ ರವೆ ಅಲ್ಲೇ ನಿಲ್ಲುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ನಮ್ಮಲ್ಲಿ ಹಲವರು, ಮುಂಬೈಯಿಂದ ಬಹರೈನಿಗೆ ಬರುವ ಹಡಗು ಆ ದಾರಿ ಹಿಡಿಯುವುದೇ ಇಲ್ಲವಲ್ಲ, ನಮಗೇನು ಎಂದಿದ್ದರು. ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಅದೇ ಸರಕಿಗೆ ಹೆಚ್ಚು ಹಡಗು, ಹೆಚ್ಚು ಕಂಟೇನರ್‌ ಬೇಕಾಯಿತು. ವೇಳಾಪಟ್ಟಿ ತಪ್ಪಿ ಹಡಗುಗಳು ಒಟ್ಟೊಟ್ಟಿಗೆ ಬಂದವು. 2024ರ ಮೇ-ಜೂನ್‌ ಹೊತ್ತಿಗೆ ಸಿಂಗಪುರ ಮತ್ತು ಜೆಬೆಲ್‌ ಅಲಿ ಎರಡೂ ಕಡೆ ಸರತಿ ಸಾಲು. ಆ ದಾರಿ ಹಿಡಿಯದವರಿಗೂ ಬಿಸಿ ತಟ್ಟಿತು.

ಈ ಶುಲ್ಕದ ವಿಷಯದಲ್ಲಿ ನಮಗೆ ಒಮ್ಮೆ ಕೈ ಸುಟ್ಟಿದೆ. ‘ಎಲ್ಲ ಸೇರಿ’ ಎಂದು ಬರೆದುಕೊಟ್ಟ ಸ್ಪಾಟ್‌ ದರಕ್ಕೆ ಸರಕು ತರಿಸಿದ್ದೆವು. ಕಂಟೇನರ್‌ ಹಿದ್ದ್‌ನಲ್ಲಿ ಇಳಿದ ಮೇಲೆ ಏಜೆಂಟ್‌, 150 ಡಾಲರ್ ದಟ್ಟಣೆ ಶುಲ್ಕ ಕಟ್ಟಿದರೆ ಮಾತ್ರ ಡೆಲಿವರಿ ಆರ್ಡರ್ ಎಂದರು. ಕಂಪನಿಯ ಪ್ರಕಟಣೆ ತೋರಿಸಿ ಎಂದೆವು. ತೋರಿಸಿದ ಪ್ರಕಟಣೆ ಜಾರಿಯಾದ ದಿನಾಂಕ, ನಮ್ಮ ಬಿಲ್‌ ಆಫ್‌ ಲೇಡಿಂಗ್‌ನ ದಿನಾಂಕಕ್ಕಿಂತ ಆರು ದಿನ ಈಚಿನದು. ಹಡಗು ಹೊರಟ ಮೇಲೆ ಹುಟ್ಟಿದ ಶುಲ್ಕ ಅದು. ವಾದ ನಮ್ಮದೇ ಸರಿ ಇತ್ತು. ಆದರೆ ಉಚಿತ ದಿನಗಳು ಮುಗಿದರೆ ಬಂದರಿನ ಬಾಡಿಗೆ ದಿನದಿನ ಏರುತ್ತದೆ. ಹಣ ಕಟ್ಟಿ ಸರಕು ಬಿಡಿಸಿಕೊಂಡೆವು. ಅದು ಮರಳಿ ಬರಲಿಲ್ಲ.

ಅಂದಿನಿಂದ ಕೊಟೇಶನ್‌ ಒಪ್ಪುವ ಮೊದಲೇ ಇಮೇಲಿನಲ್ಲಿ ಎರಡು ಸಾಲು ಬರೆಸಿಕೊಳ್ಳುತ್ತೇವೆ. ಶುಲ್ಕ ಅನ್ವಯಿಸುವುದು ಹಡಗು ಹೊರಟ ದಿನಾಂಕದ ಪ್ರಕಾರ. ಹೆಚ್ಚುವರಿ ಕೇಳುವುದಾದರೆ ಹಡಗು ಕಂಪನಿಯ ಪ್ರಕಟಣೆ ಜೊತೆಗಿರಬೇಕು. ಎರಡನೆಯದು ಮುಖ್ಯ, ಏಕೆಂದರೆ ಕಂಪನಿ ಹಾಕದ ಶುಲ್ಕವನ್ನು ನಡುವಿನವರು ಹಾಕುವುದೂ ಉಂಟು.

ಆರು ತಿಂಗಳ ಹೋಲಿಕೆ

ಈಗ ಸ್ಪಾಟ್‌ 480, ಒಪ್ಪಂದ 540. ಒಪ್ಪಂದಕ್ಕೆ ಹೆಚ್ಚು ಕೊಡುವ 60 ಡಾಲರ್, ದರ ಏರಿದಾಗಿನ ರಕ್ಷಣೆಗೆ ಕಟ್ಟುವ ವಿಮೆಯ ಕಂತು. ಈ ಕಂತು ಕೊಡುವುದು ಲಾಭವೇ ಎಂಬುದು ಪ್ರಶ್ನೆ. ಇಂದಿನ ಎರಡು ದರ ಪಕ್ಕಪಕ್ಕ ಇಟ್ಟರೆ ಇದಕ್ಕೆ ಉತ್ತರ ಸಿಗದು, ಆರು ತಿಂಗಳ ಸರಾಸರಿ ನೋಡಬೇಕು.

ಗಲಾಟೆಯಿಲ್ಲದೆ ಆರು ತಿಂಗಳು ಕಳೆದರೆ ಸ್ಪಾಟ್‌ ಹಿಡಿದವರು ಕಂಟೇನರ್‌ಗೆ 60 ಡಾಲರ್ ಉಳಿಸುತ್ತಾರೆ. ಒಂದೇ ಒಂದು ತಿಂಗಳು ಸ್ಪಾಟ್‌ 1000ಕ್ಕೆ ಜಿಗಿದರೆ ಅವರ ಸರಾಸರಿ 567, ಒಪ್ಪಂದದವರದು 540. ಎರಡು ತಿಂಗಳು ಜಿಗಿದರೆ 653. ಮೊದಲಿನ 580ರಲ್ಲಿ ಒಪ್ಪಂದ ಗೆಲ್ಲಬೇಕಾದರೆ ಎರಡು ಕೆಟ್ಟ ತಿಂಗಳು ಬೇಕಿತ್ತು. ಎರಡನೇ ಸಲದ ಎಣ್ಣೆಯ ದುಡ್ಡು ತೆಗೆಸಿದ ಮೇಲೆ ಒಂದೇ ಸಾಕು.

ಆದರೆ ಒಪ್ಪಂದದಲ್ಲಿ ದಟ್ಟಣೆ ಶುಲ್ಕದ ಬಾಗಿಲು ತೆರೆದೇ ಇದ್ದರೆ? ದರ ಜಿಗಿಯುವ ತಿಂಗಳಲ್ಲೇ ದಟ್ಟಣೆಯೂ ಬರುವುದು ರೂಢಿ. ಆ ಒಂದು ತಿಂಗಳು 150 ಕಟ್ಟಿದರೆ ಒಪ್ಪಂದದ ಸರಾಸರಿ 565ಕ್ಕೆ ಏರುತ್ತದೆ. ಸ್ಪಾಟ್‌ನ 567ಕ್ಕೂ ಇದಕ್ಕೂ ಇರುವ ವ್ಯತ್ಯಾಸ 2 ಡಾಲರ್. ಕಂತು ಕಟ್ಟಿಯೂ ವಿಮೆ ಸಿಗದ ಸ್ಥಿತಿ ಇದು. ಹಾಗಾಗಿ ನಮ್ಮ ಚೌಕಾಸಿಯೆಲ್ಲ ಮೂಲ ಬಾಡಿಗೆಯನ್ನು ಹತ್ತು ಡಾಲರ್ ಇಳಿಸುವುದರ ಮೇಲಲ್ಲ, ಈ ಒಂದು ಷರತ್ತಿನ ಮೇಲೆ ನಡೆಯಿತು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಸ್ಪಾಟ್‌ ದರ ಏರಿದಾಗ, ಕಡಿಮೆ ದರದ ಒಪ್ಪಂದದ ಕಂಟೇನರ್‌ ‘ಈ ಹಡಗಿನಲ್ಲಿ ಜಾಗವಿಲ್ಲ, ಮುಂದಿನದರಲ್ಲಿ’ ಎಂದು ಹಿಂದೆ ಬೀಳುತ್ತದೆ. ಕಾಗದದ ಮೇಲೆ 540 ಇದ್ದು ಸರಕು ನ್ಹಾವಾ ಶೇವಾದಲ್ಲೇ ಉಳಿದರೆ ಪ್ರಯೋಜನವಿಲ್ಲ. ದೀಪಾವಳಿ ಕಳೆದ ಮೇಲೆ ಬಂದ ಅವಲಕ್ಕಿಯನ್ನು ಯಾರು ಕೊಳ್ಳುತ್ತಾರೆ? ಯುದ್ಧದ ಅಪಾಯವೂ ಈ ಲೆಕ್ಕಕ್ಕೆ ಹೊರಗಿನದು. ಖಲೀಫಾ ಬಂದರಿಗೆ ಭಾರತದ ಹಡಗು ಬರಲು ಹೊರ್ಮುಜ್‌ ಜಲಸಂಧಿ ಬಿಟ್ಟರೆ ಬೇರೆ ನೀರದಾರಿ ಇಲ್ಲ. 2025ರ ಜೂನ್‌ನ ಇಸ್ರೇಲ್‌-ಇರಾನ್‌ ಯುದ್ಧದ ದಿನಗಳಲ್ಲಿ ಇಲ್ಲಿನ ವ್ಯಾಪಾರಿಗಳೆಲ್ಲ ನಕ್ಷೆ ನೋಡುತ್ತಿದ್ದುದು ಅದಕ್ಕೇ. ಯುದ್ಧದ ಶುಲ್ಕವನ್ನು ತಾನೇ ಹೊರುತ್ತೇನೆಂದು ಬರೆದುಕೊಡುವ ಕಂಪನಿ ನಮಗಂತೂ ಸಿಕ್ಕಿಲ್ಲ.

ಕೊನೆಗೆ ನಾವು ಒಪ್ಪಂದಕ್ಕೆ ಸಹಿ ಹಾಕಿದೆವು, ಆದರೆ ಮೂರೇ ತಿಂಗಳಿಗೆ, ಹಬ್ಬಗಳ ಕಾಲಕ್ಕೆ. ಬಿಎಎಫ್ ಸೂತ್ರ ಕಾಗದದ ಮೇಲಿದೆ, ದಟ್ಟಣೆ ಶುಲ್ಕಕ್ಕೆ 75 ಡಾಲರ್ ಮಿತಿ ಇದೆ. ಉಳಿದ ತಿಂಗಳುಗಳಿಗೆ ಸ್ಪಾಟ್‌.

ಅಂಗಡಿಗೆ ಬರುವವರಿಗೆ

‘ಹಡಗಿನ ಬಾಡಿಗೆ ಜಾಸ್ತಿಯಾಗಿದೆ’ ಎಂಬ ಮಾತನ್ನು ಬಹರೈನಿನ ಕನ್ನಡ ಕುಟುಂಬಗಳು ಅಂಗಡಿಗಳಲ್ಲಿ ಕೇಳುತ್ತಲೇ ಇರುತ್ತವೆ. ಅದನ್ನು ಅಳೆಯುವ ದಾರಿ ಇಲ್ಲಿದೆ. ದಿನಾರ್ ಡಾಲರಿಗೆ ಕಟ್ಟಿಕೊಂಡಿರುವುದರಿಂದ 1 ಡಾಲರ್ ಎಂದರೆ 376 ಫಿಲ್ಸ್‌. ಕಂಟೇನರ್‌ನಲ್ಲಿ 20 ಟನ್‌ ಅಕ್ಕಿ ಇದ್ದು 150 ಡಾಲರ್ ಶುಲ್ಕ ಬಿದ್ದರೆ, 10 ಕಿಲೊ ಚೀಲದ ಪಾಲಿಗೆ ಬರುವುದು ಸುಮಾರು 28 ಫಿಲ್ಸ್‌. ಬಾಡಿಗೆಯೇ 480ರಿಂದ 1000ಕ್ಕೆ ಏರಿದರೂ ಚೀಲಕ್ಕೆ ನೂರು ಫಿಲ್ಸ್‌ ದಾಟುವುದಿಲ್ಲ. ಅದಕ್ಕಿಂತ ಹೆಚ್ಚು ಏರಿಸಿದವರು ಹಡಗಿನ ಮೇಲೆ ಹೊರೆ ಹಾಕುವಂತಿಲ್ಲ, ಬೇರೆ ಕಾರಣ ಹೇಳಬೇಕು.

ಮಂಡಕ್ಕಿಯ ಮಾತು ಬೇರೆ. ಅದು ತೂಗುವುದು ಕಡಿಮೆ, ತುಂಬುವುದು ಹೆಚ್ಚು. ಕಂಟೇನರ್‌ ಭರ್ತಿಯಾದರೂ ಐದು ಟನ್‌ ಇರದು, ಕಿಲೊ ಲೆಕ್ಕದಲ್ಲಿ ಅಕ್ಕಿಯ ನಾಲ್ಕು ಪಟ್ಟು ಬಾಡಿಗೆ ಅದರ ತಲೆಗೆ. ಚುರುಮುರಿ ತುಟ್ಟಿಯಾಯಿತೆಂದು ಯಾರಾದರೂ ಗೊಣಗಿದರೆ, ಅಲ್ಲಿ ಮಾತ್ರ ನಾವು ವ್ಯಾಪಾರಿಗಳ ಪರ.